ಚಕ್ಲಿ ವಾರದ ವ್ಯೂಸ್, ಮಾಮೂಲಿ ವಾರದ ವ್ಯೂಸ್

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಿಂದ ಅಡುಗೆ ಚಾನೆಲ್ ನಡೆಸುತ್ತಿದ್ದೇನೆ. 2025ರ ಚೌತಿ ಹೊತ್ತಿಗೆ, ಊರವರೆಲ್ಲ ಸೇರಿ ಚಕ್ಲಿ ಮಾಡುವ ಚಕ್ಲಿ ಕಂಬಳದ ವಿಡಿಯೋ ಚೆನ್ನಾಗಿ ಓಡಿ, ಒಂದೇ ವಾರ 61 ಸಾವಿರ ವ್ಯೂಸ್ ಬಂತು. ಆಮೇಲೆ 9 ಸಾವಿರಕ್ಕೆ ಇಳಿಯಿತು. ಚಾನೆಲ್ ಬಿದ್ದುಹೋಯಿತಾ? ಸಂಬಳ ಕೊಟ್ಟು ಎಡಿಟರ್ ಇಟ್ಟುಕೊಳ್ಳುವ ಯೋಚನೆಯಲ್ಲಿದ್ದೆ. 12 ವಾರದ ಲೆಕ್ಕ ಕಳಿಸಿದ್ದೇನೆ.

ಉತ್ತರ: ಚಾನೆಲ್ ಬಿದ್ದಿಲ್ಲ ಅಕ್ಕಾ, ಸ್ವಲ್ಪ ಮೇಲೇ ಬಂದಿದೆ. ಹೇಗೆ ಅಂತ ನಿಮ್ಮ ಲೆಕ್ಕದಲ್ಲೇ ನೋಡೋಣ.

ಮೊದಲ ನಾಲ್ಕು ವಾರ 8,000, 7,500, 8,200, 9,000. ನಂತರ ಚೌತಿಯ ಗಾಳಿ: 14,000, 38,000, 61,000, 17,000. ಕೊನೆಯ ನಾಲ್ಕು ವಾರ 9,500, 9,200, 8,900, 9,400. ಎಲ್ಲ ಕೂಡಿಸಿ ಸರಾಸರಿ ತೆಗೆದರೆ ವಾರಕ್ಕೆ 16,600 ಬರುತ್ತದೆ. ಆದರೆ ಹಬ್ಬ ಬಿಟ್ಟರೆ ಅಷ್ಟು ವ್ಯೂಸ್ ಬಂದ ವಾರ ಒಂದೂ ಇಲ್ಲ, ಅಲ್ವಾ? ಈ ಸರಾಸರಿ ನಂಬಿ ಸಂಬಳ ನಿಗದಿ ಮಾಡಿದರೆ ಎರಡೇ ತಿಂಗಳಲ್ಲಿ ಕಷ್ಟವಾಗುತ್ತದೆ.

ಮಧ್ಯದ ನಾಲ್ಕು ವಾರ ಪಕ್ಕಕ್ಕಿಡಿ. ಮುಂಚಿನ ಸರಾಸರಿ ಸುಮಾರು 8,200, ನಂತರದ್ದು 9,250. ವಾರಕ್ಕೆ ಸಾವಿರದಷ್ಟು ಏರಿಕೆ. ನಿಮ್ಮ ನಿಜವಾದ ಗಳಿಕೆ ಇದು.

ಒಂದು ಅನುಮಾನ ಮಾತ್ರ ಉಳಿಯುತ್ತದೆ. ಈ ಸಾವಿರವೂ ಚಕ್ಲಿ ವಿಡಿಯೋದ ಬಾಲವೇ ಆಗಿರಬಹುದು. ಯೂಟ್ಯೂಬ್ ಸ್ಟುಡಿಯೋದ Advanced mode ಒಳಗೆ ಚಕ್ಲಿ, ಪಂಚಕಜ್ಜಾಯದಂಥ ಹಬ್ಬದ ವಿಡಿಯೋಗಳನ್ನು ಒಂದು ಗ್ರೂಪ್ ಮಾಡಿ, ಕೊನೆಯ ನಾಲ್ಕು ವಾರದಲ್ಲಿ ಅದರ ವ್ಯೂಸ್ ಕಳೆಯಿರಿ. ತಂಬುಳಿ, ಅಪ್ಪೆಹುಳಿಯಂಥ ಮಾಮೂಲಿ ಅಡುಗೆಯ ವಿಡಿಯೋಗಳೂ ಏರಿದ್ದರೆ ಹಬ್ಬಕ್ಕೆ ಬಂದವರಲ್ಲಿ ಕೆಲವರು ಉಳಿದಿದ್ದಾರೆ. ಏರದಿದ್ದರೆ ಅವರು ಚಕ್ಲಿ ಹದ ಕೇಳಿಕೊಂಡು ಹೋದವರು ಅಷ್ಟೇ. ಹಬ್ಬದ ವಾರದಲ್ಲಿ ಈ ಕಳೆಯುವ ಲೆಕ್ಕ ಮಾಡಬೇಡಿ. ಆಗ ಚಕ್ಲಿ ನೋಡಲು ಬಂದವರೇ ತಂಬುಳಿಯನ್ನೂ ನೋಡಿರುತ್ತಾರೆ, ಎರಡೂ ಬೆರೆತುಹೋಗಿರುತ್ತವೆ.

ಮುಂದಿನ ವರ್ಷಕ್ಕೆ ಹೋಲಿಸುವಾಗ ತಿಂಗಳಿಗೆ ತಿಂಗಳು ಇಟ್ಟು ನೋಡಬೇಡಿ. ಚೌತಿ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27, 2026ರಲ್ಲಿ ಸೆಪ್ಟೆಂಬರ್ 14. ಸುಮ್ನೆ ಆಗಸ್ಟ್‌ಗೆ ಆಗಸ್ಟ್ ಹೋಲಿಸಿದರೆ 2026ರಲ್ಲಿ ಚಾನೆಲ್ ಕುಸಿದಂತೆ ಕಾಣುತ್ತದೆ, ಸೆಪ್ಟೆಂಬರಲ್ಲಿ ಹಾರಿದಂತೆ ಕಾಣುತ್ತದೆ. ಎರಡೂ ಸುಳ್ಳು. ಚೌತಿಯ ದಿನದಿಂದ ಹಿಂದಕ್ಕೆ ಮೂರು ವಾರ, ಮುಂದಕ್ಕೆ ಒಂದು ವಾರ ಎಣಿಸಿ, ಆ ನಾಲ್ಕು ವಾರವನ್ನು ಹಿಂದಿನ ವರ್ಷದ ಅದೇ ನಾಲ್ಕು ವಾರಕ್ಕೆ ಹೋಲಿಸಿ. ಮಾರಿಕಾಂಬಾ ಜಾತ್ರೆಯ ವಿಡಿಯೋ ಹಾಕುವುದಾದರೆ ಇನ್ನೂ ಎಚ್ಚರ ಬೇಕು. ಜಾತ್ರೆ ಎರಡು ವರ್ಷಕ್ಕೊಮ್ಮೆ. 2026ರ ಜಾತ್ರೆಯನ್ನು 2024ರ ಜೊತೆ ಹೋಲಿಸಿ, 2025ರ ಜೊತೆ ಬೇಡ.

ಎಡಿಟರ್ ವಿಷಯ: ತಿಂಗಳ ಸಂಬಳವನ್ನು ವಾರಕ್ಕೆ 9,250 ವ್ಯೂಸ್ ತರುವ ದುಡ್ಡಿನ ಮೇಲೆ ಯೋಚಿಸಿ. ಅದಕ್ಕೆ ಸಾಲದಿದ್ದರೆ ಚೌತಿಯ ಮುಂಚಿನ ತಿಂಗಳಿಗೆ ಮಾತ್ರ, ವಿಡಿಯೋಗೆ ಇಷ್ಟು ಅಂತ ಮಾತಾಡಿಕೊಳ್ಳಿ. ನಿಮ್ಮ ವ್ಯೂಸ್ ಹಬ್ಬದ ವಾರಕ್ಕಿಂತ ಎರಡು ವಾರ ಮೊದಲೇ ಏರಲು ಶುರುವಾಗಿದೆ. ಹಾಗಾಗಿ 2026ರ ಚಕ್ಲಿ ವಿಡಿಯೋ ಚೌತಿಗೆ ಮೂರು ವಾರ ಮುಂಚೆ, ಅಂದರೆ ಆಗಸ್ಟ್ 24ರೊಳಗೆ ಚಾನೆಲ್‌ನಲ್ಲಿರಲಿ.