‘ನಿನ್ನೆನಾ ಹೋದ್ರಿ?’ ಅಂದ್ರೆ ಕಿವಿಗೆ ಯಾಕೆ ಒಗ್ಗಲ್ಲ?

ಪ್ರಶ್ನೆ: ನಾನಿರೋದು ಸಾಗರದಲ್ಲಿ. ಬಿಹಾರದಿಂದ ಬಂದ ಸಹೋದ್ಯೋಗಿಯೊಬ್ಬರು ಕನ್ನಡ ಕಲೀತಿದ್ದಾರೆ. ‘ನೀವು ನಿನ್ನೆನಾ ತೀರ್ಥಹಳ್ಳಿಗೆ ಹೋದ್ರಿ?’ ಅಂತ ಕೇಳ್ತಾರೆ. ಎಲ್ಲೋ ತಪ್ಪಿದೆ ಅನ್ಸುತ್ತೆ, ಏನು ಅಂತ ಹೇಳೋಕೆ ಬರಲ್ಲ. ‘ಆ ಸೇರಿಸಿದ್ರೆ ಪ್ರಶ್ನೆ ಆಗುತ್ತೆ’ ಅಂತ ಹೇಳಿಕೊಟ್ಟಿದ್ದು ನಾನೇ. ಬೇರೆ ಭಾಷೆಗಳಲ್ಲಿ ಇದು ಹೇಗಿರುತ್ತೆ?

ಉತ್ತರ:

ನೀವು ಹೇಳಿಕೊಟ್ಟಿದ್ದರಲ್ಲಿ ತಪ್ಪಿಲ್ಲ, ಅರ್ಧ ಉಳಿದುಹೋಗಿದೆ ಅಷ್ಟೆ. ‘ಆ’ ಸೇರಿಸುವುದು ಸರಿ, ಆದರೆ ಯಾವ ಪದಕ್ಕೆ ಸೇರಿಸುತ್ತೀರಿ ಅನ್ನುವುದರ ಮೇಲೆ ಕ್ರಿಯಾಪದದ ರೂಪವೂ ಬದಲಾಗಬೇಕು. ನಿಮ್ಮ ಸಹೋದ್ಯೋಗಿ ‘ಆ’ವನ್ನು ಬೇಕಾದ ಜಾಗದಲ್ಲೇ ಇಟ್ಟಿದ್ದಾರೆ. ಕ್ರಿಯಾಪದವನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ.

ಅವರದೇ ವಾಕ್ಯ ತೆಗೆದುಕೊಳ್ಳೋಣ. ‘ನೀವು ನಿನ್ನೆ ತೀರ್ಥಹಳ್ಳಿಗೆ ಹೋದ್ರಿ’ ಎಂಬುದು ಹೇಳಿಕೆ. ‘ಆ’ವನ್ನು ಕೊನೆಯ ಕ್ರಿಯಾಪದಕ್ಕೆ ಅಂಟಿಸಿದರೆ ‘ನೀವು ನಿನ್ನೆ ತೀರ್ಥಹಳ್ಳಿಗೆ ಹೋದ್ರಾ?’ ಆಗುತ್ತದೆ. ಇಲ್ಲಿ ಕೇಳುವವರಿಗೆ ಏನೂ ಗೊತ್ತಿಲ್ಲ. ಹೋಗಿರಲೂಬಹುದು, ಹೋಗದೆಯೂ ಇರಬಹುದು. ಇಡೀ ಸಂಗತಿಯೇ ಪ್ರಶ್ನೆ.

ಈಗ ‘ಆ’ವನ್ನು ‘ನಿನ್ನೆ’ಗೆ ಅಂಟಿಸಿ. ‘ನೀವು ತೀರ್ಥಹಳ್ಳಿಗೆ ನಿನ್ನೆನಾ ಹೋಗಿದ್ದು?’ ‘ಹೋದ್ರಿ’ ಇದ್ದದ್ದು ‘ಹೋಗಿದ್ದು’ ಆಯಿತು. ನೀವು ಹೋಗಿದ್ದೀರಿ ಅನ್ನುವುದು ಕೇಳುವವರಿಗೆ ಆಗಲೇ ಗೊತ್ತು, ದಿನ ಒಂದೇ ಅನುಮಾನ. ಗೊತ್ತಿರುವ ಸಂಗತಿಯನ್ನು ಕನ್ನಡ ಹೆಸರಿನ ಹಾಗೆ ಕಟ್ಟಿ ಪಕ್ಕಕ್ಕಿಡುತ್ತದೆ. ‘ಹೋಗಿದ್ದು’ ಅಂದರೆ ಹೋದ ಆ ಸಂಗತಿ. ಆ ಸಂಗತಿ ‘ನಿನ್ನೆ’ಗೆ ಸೇರುತ್ತದೋ ಇಲ್ಲವೋ ಅಂತ ಕೇಳುತ್ತಿದ್ದೇವೆ. ‘ಹೋದ್ರಿ’ ಹಾಗಲ್ಲ, ಅದು ಮುಗಿದ ವಾಕ್ಯದ ಕ್ರಿಯಾಪದ, ತಾನೇ ಒಂದು ಹೇಳಿಕೆ ಮಾಡಿ ನಿಂತುಬಿಡುತ್ತದೆ. ಅದಕ್ಕೇ ‘ನಿನ್ನೆನಾ ಹೋದ್ರಿ?’ ಅಂದರೆ ಒಂದೇ ವಾಕ್ಯದಲ್ಲಿ ಒಂದು ಪ್ರಶ್ನೆ, ಒಂದು ಹೇಳಿಕೆ ಎರಡೂ ಜಗಳಕ್ಕೆ ಬಿದ್ದ ಹಾಗೆ ಕೇಳಿಸುತ್ತದೆ.

ಉಳಿದ ಪದಗಳಿಗೂ ಇದೇ ಕ್ರಮ. ‘ನಿನ್ನೆ ತೀರ್ಥಹಳ್ಳಿಗಾ ಹೋಗಿದ್ದು?’ ಅಂದರೆ ಊರಿನ ಬಗ್ಗೆ ಅನುಮಾನ. ‘ನೀವಾ ನಿನ್ನೆ ತೀರ್ಥಹಳ್ಳಿಗೆ ಹೋಗಿದ್ದು?’ ಅಂದರೆ ವ್ಯಕ್ತಿಯ ಬಗ್ಗೆ. ಇನ್ನೂ ನಡೆಯದ ಅಥವಾ ರೂಢಿಯಲ್ಲಿರುವ ಕೆಲಸಕ್ಕೆ ‘ಹೋಗೋದು’: ‘ನಾಳೆನಾ ಹೋಗೋದು?’ ‘ಇದೆ’ ಇದ್ದ ಕಡೆ ‘ಇರೋದು’: ‘ಮನೆ ಸಾಗರದಲ್ಲಾ ಇರೋದು?’ ಕಲಿಯುವವರಿಗೆ ಇದರಲ್ಲಿ ಒಂದು ಲಾಭವೂ ಉಂಟು. ಈ ರೂಪಕ್ಕೆ ನಾನು, ನೀನು, ಅವರು ಎಂಬ ಭೇದವೇ ಇಲ್ಲ. ಯಾರು ಹೋದರೂ ‘ಹೋಗಿದ್ದು’.

ಸರಿಯಾಗಿ ಹಿಡಿದರೋ ಇಲ್ಲವೋ ಅಂತ ನೋಡಲು ಉತ್ತರವನ್ನು ಪರೀಕ್ಷಿಸಿ. ‘ನಿನ್ನೆ ಹೋದ್ರಾ?’ ಎಂಬುದಕ್ಕೆ ‘ಇಲ್ಲ’ ಅನ್ನುತ್ತೇವೆ. ‘ನಿನ್ನೆನಾ ಹೋಗಿದ್ದು?’ ಎಂಬುದಕ್ಕೆ ‘ಅಲ್ಲ, ಮೊನ್ನೆ’ ಅನ್ನುತ್ತೇವೆ. ‘ಆ’ ಕ್ರಿಯಾಪದದ ಮೇಲಿದ್ದರೆ ‘ಇಲ್ಲ’, ಬೇರೆ ಪದದ ಮೇಲಿದ್ದರೆ ‘ಅಲ್ಲ’. (‘ಬೇಕಾ?’ಗೆ ‘ಬೇಡ’ದಂಥ ಕೆಲವು ಹೊರಗುಳಿಯುತ್ತವೆ, ಅವನ್ನು ಬಿಡಿಯಾಗಿಯೇ ಕಲಿಯಬೇಕು.) ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದನ್ನು ಅಭ್ಯಾಸ ಮಾಡಿಸುವುದು ಸುಲಭ. ‘ಈ ಬಸ್ಸು ಶಿವಮೊಗ್ಗಕ್ಕೆ ಹೋಗುತ್ತಾ?’ ‘ಇಲ್ಲ.’ ‘ಇದು ಶಿವಮೊಗ್ಗದ ಬಸ್ಸಾ?’ ‘ಅಲ್ಲ.’ ಬಸ್ಸು ಅದೇ, ಕೇಳುವ ವಿಷಯವೂ ಹೆಚ್ಚುಕಡಿಮೆ ಅದೇ, ಉತ್ತರ ಮಾತ್ರ ಬೇರೆ. ಹಿಂದಿಯಲ್ಲಿ ಎರಡಕ್ಕೂ ‘ನಹೀಂ’ ಸಾಕು. ಹಾಗಾಗಿ ನಿಮ್ಮ ಸಹೋದ್ಯೋಗಿ ಎರಡು ಕಡೆಯೂ ‘ಇಲ್ಲ’ ಅನ್ನುತ್ತಿರುವ ಸಾಧ್ಯತೆ ಹೆಚ್ಚು, ಒಮ್ಮೆ ಗಮನಿಸಿ ನೋಡಿ.

ಇನ್ನೊಂದು ಪರೀಕ್ಷೆಯೂ ಇದೆ. ನೀವು ತೀರ್ಥಹಳ್ಳಿ ಕಡೆ ತಲೆಯೇ ಹಾಕಿಲ್ಲ ಅಂದುಕೊಳ್ಳಿ. ‘ಹೋದ್ರಾ?’ ಅಂತ ಕೇಳಿದರೆ ‘ಇಲ್ಲ’ ಅಂದರೆ ಮುಗಿಯಿತು. ‘ನಿನ್ನೆನಾ ಹೋಗಿದ್ದು?’ ಅಂತ ಕೇಳಿದರೆ ‘ಹೌದು’ ಅನ್ನುವ ಹಾಗಿಲ್ಲ, ‘ಅಲ್ಲ’ ಅಂದರೆ ಬೇರೆ ದಿನ ಹೋಗಿದ್ದೆ ಅಂತ ಒಪ್ಪಿಕೊಂಡ ಹಾಗೆ. ‘ನಾನು ಹೋಗೇ ಇಲ್ವಲ್ಲ’ ಅಂತ ಪ್ರಶ್ನೆಯನ್ನೇ ಹಿಂದಕ್ಕೆ ತಳ್ಳಬೇಕಾಗುತ್ತದೆ.

ಅವರ ತಪ್ಪು ಎಲ್ಲಿಂದ ಬಂತು ಅನ್ನುವುದಕ್ಕೆ ಹಿಂದಿ ನೋಡಿದರೆ ಸಾಕು. ಅಲ್ಲಿ ವಾಕ್ಯದ ಮೊದಲಲ್ಲೋ ಕೊನೆಯಲ್ಲೋ ‘ಕ್ಯಾ’ ಬರುತ್ತದೆ: ‘ಕ್ಯಾ ಆಪ್ ಕಲ್ ಗಯೇ ಥೇ?’, ‘ಆಪ್ ಕಲ್ ಗಯೇ ಥೇ ಕ್ಯಾ?’ ದಿನವನ್ನೇ ಒತ್ತಿ ಕೇಳಬೇಕಾದರೆ ‘ಕಲ್ ಹೀ’ ಅನ್ನುತ್ತಾರೆ. ‘ಗಯೇ ಥೇ’ ಮಾತ್ರ ಎಲ್ಲ ಕಡೆಯೂ ‘ಗಯೇ ಥೇ’ಯೇ. ಪ್ರಶ್ನೆ ಯಾವ ಪದದ ಮೇಲೆ ಬಿದ್ದರೂ ಕ್ರಿಯಾಪದ ಬದಲಾಗುವ ಅಭ್ಯಾಸ ಆ ಭಾಷೆಗಿಲ್ಲ.

ಹಾಗಂತ ಅವರ ವಾಕ್ಯ ವಿಚಿತ್ರವೇನಲ್ಲ. ಟರ್ಕಿಶ್‌ನಲ್ಲಿ ಅದೇ ಸರಿಯಾದ ವಾಕ್ಯ. ಅಲ್ಲಿ ನಮ್ಮ ‘ಆ’ದ ಜಾಗದಲ್ಲಿ ‘ಮಿ’ ಇದೆ. ಹಿಂದಿನ ಪದದ ಸ್ವರಕ್ಕೆ ಹೊಂದಿಕೊಂಡು ಅದು ನಾಲ್ಕು ರೂಪ ತಾಳುತ್ತದೆ, ಬರೆಯುವಾಗ ಬಿಡಿಸಿ ಬರೆಯುತ್ತಾರೆ. ‘ಅಲಿ ದ್ಯುನ್ ಗಿತ್ತಿ ಮಿ?’ ಅಂದರೆ ಅಲಿ ನಿನ್ನೆ ಹೋದ್ನಾ. ‘ಅಲಿ ದ್ಯುನ್ ಮ್ಯು ಗಿತ್ತಿ?’ ಅಂದರೆ ಅಲಿ ನಿನ್ನೆನಾ ಹೋಗಿದ್ದು. ‘ಅಲಿ ಮಿ ದ್ಯುನ್ ಗಿತ್ತಿ?’ ಅಂದರೆ ಅಲಿನಾ ನಿನ್ನೆ ಹೋಗಿದ್ದು. ‘ಮಿ’ ನಮ್ಮ ‘ಆ’ದ ಹಾಗೆಯೇ ಪದದಿಂದ ಪದಕ್ಕೆ ಓಡಾಡುತ್ತದೆ, ‘ಗಿತ್ತಿ’ ಮಾತ್ರ ಕದಲುವುದಿಲ್ಲ. ಫಿನ್ನಿಶ್‌ನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾವ ಪದದ ಮೇಲೆ ಅನುಮಾನವೋ ಅದಕ್ಕೆ ‘ಕೊ’ ಅಂಟಿಸಿ ವಾಕ್ಯದ ಮೊದಲಿಗೇ ತರುತ್ತಾರೆ. ‘ಮೆನಿಕೊ ಮತ್ತಿ ಎಯ್ಲೆನ್?’ ಅಂದರೆ ಮತ್ತಿ ಎಂಬವನು ನಿನ್ನೆ ಹೋದ್ನಾ. ‘ಎಯ್ಲೆನ್ಕೊ ಮತ್ತಿ ಮೆನಿ?’ ಅಂದರೆ ನಿನ್ನೆನಾ ಹೋಗಿದ್ದು. ಇಲ್ಲೂ ‘ಮೆನಿ’ ಹಾಗೇ ಉಳಿಯಿತು. ನಮ್ಮ ದಾರಿಗೆ ಹತ್ತಿರದ್ದು ಮಲಯಾಳ: ‘ವನ್ನೋ?’ ಅಂದರೆ ಬಂದ್ನಾ, ‘ಇನ್ನಲೆಯಾಣೋ ವನ್ನತ್?’ ಅಂದರೆ ನಿನ್ನೆನಾ ಬಂದಿದ್ದು. ‘ವನ್ನತ್’ ನಮ್ಮ ‘ಬಂದಿದ್ದು’ವಿನ ಒಡಹುಟ್ಟು.

ಪದಗಳ ಜಾಗ ಬದಲಿಸಿ ಪ್ರಶ್ನೆ ಮಾಡುವ ಇಂಗ್ಲಿಷ್ ದಾರಿ ನಮಗೆ ಶಾಲೆಯಿಂದಲೇ ಪರಿಚಯವಿರುವುದರಿಂದ ಅದೇ ಲೋಕಾರೂಢಿ ಅನ್ನಿಸುತ್ತದೆ. ಅದು ತೀರಾ ಅಪರೂಪ. ಭಾಷಾವಿಜ್ಞಾನಿ ಮ್ಯಾಥ್ಯೂ ಡ್ರೈಯರ್ 955 ಭಾಷೆಗಳನ್ನು ಈ ದೃಷ್ಟಿಯಿಂದ ವಿಂಗಡಿಸಿದಾಗ ಹಾಗೆ ಪದಕ್ರಮ ಬದಲಿಸುವವು ಸಿಕ್ಕಿದ್ದು 13 ಮಾತ್ರ. ಪ್ರಶ್ನೆಗೆಂದೇ ಒಂದು ಪುಟ್ಟ ಪದ ಇಟ್ಟುಕೊಂಡವು 585, ಬರೀ ದನಿಯ ಏರಿಳಿತದಲ್ಲೇ ಮುಗಿಸುವವು 173. ಇಂಗ್ಲಿಷ್‌ನಲ್ಲಿ ಕರ್ತೃವಿನ ಮುಂದಕ್ಕೆ ಹಾರುವುದು ಸಹಾಯಕ ಕ್ರಿಯಾಪದ. ಅದು ಇಲ್ಲದಿದ್ದರೆ ‘ಡಿಡ್’ ತಂದು ನಿಲ್ಲಿಸುತ್ತಾರೆ. ಭೂತಕಾಲವನ್ನು ಈ ‘ಡಿಡ್’ ಹೊತ್ತುಕೊಂಡ ಮೇಲೆ ಮುಖ್ಯ ಕ್ರಿಯಾಪದ ಖಾಲಿ ಕೈಯಲ್ಲಿರಬೇಕು. ನಮ್ಮ ಮಕ್ಕಳು ‘ಡಿಡ್ ಯು ವೆಂಟ್?’ ಅನ್ನುವುದು ಎರಡೂ ಕಡೆ ಕಾಲ ಹೊರಿಸುವುದರಿಂದ. ‘ನಿನ್ನೆನಾ ಹೋಗಿದ್ದು?’ ಅನ್ನುವುದಕ್ಕೆ ಅಲ್ಲಿ ‘ಯೆಸ್ಟರ್ಡೇ’ ಮೇಲೆ ಒತ್ತು ಹಾಕಬೇಕು, ಇಲ್ಲವೇ ‘ವಾಸ್ ಇಟ್ ಯೆಸ್ಟರ್ಡೇ ದಟ್ ಯು ವೆಂಟ್?’ ಅಂತ ವಾಕ್ಯವನ್ನೇ ಎರಡಾಗಿ ಸೀಳಬೇಕು. ಈ ಎರಡನೆಯದು ಕನ್ನಡದ ಉಪಾಯಕ್ಕೆ ಹತ್ತಿರ. ಇಬ್ಬರೂ ಗೊತ್ತಿರುವುದನ್ನು ಬೇರೆ ಗಂಟು ಕಟ್ಟುತ್ತಾರೆ. ನಮಗೆ ಒಂದು ‘ದು’ ಸಾಕು, ಅಷ್ಟೇ ವ್ಯತ್ಯಾಸ.

ಸಹೋದ್ಯೋಗಿಗೆ ಕಲಿಸುವಾಗ ನಿಯಮಕ್ಕಿಂತ ಉಚ್ಚಾರಣೆಯೇ ಹೆಚ್ಚು ಕಾಡುತ್ತದೆ. ಆಡುಮಾತಿನ ‘ಅವನು ಬಂದ’ದಲ್ಲಿ ‘ನು’ ಬಿದ್ದುಹೋಗಿದೆ, ‘ಆ’ ಬಂದ ಕೂಡಲೇ ಅಡಗಿದ್ದ ‘ನ’ ಎದ್ದು ಬರುತ್ತದೆ: ಬಂದ್ನಾ. ‘ನೀನು ಬಂದೆ’ ಪ್ರಶ್ನೆಯಾದರೆ ‘ಬಂದ್ಯಾ’. ‘ಅವಳು ಬಂದಳು’ ಪ್ರಶ್ನೆಯಾದರೆ ‘ಬಂದ್ಲಾ’. ‘ಬಂದಿರಿ’, ‘ಬಂದರು’ ಎರಡೂ ಕರಗಿ ‘ಬಂದ್ರಾ’ ಆಗುತ್ತವೆ, ಆದ್ದರಿಂದ ‘ನೀವು’, ‘ಅವರು’ ಬಿಟ್ಟು ಬರೀ ‘ಬಂದ್ರಾ?’ ಅಂದರೆ ಯಾರ ಬಗ್ಗೆ ಕೇಳುತ್ತಿದ್ದಾರೆ ಅನ್ನುವುದನ್ನು ಸಂದರ್ಭವೇ ಹೇಳಬೇಕು. ಹೆಸರುಗಳಲ್ಲಿ ಇ, ಎ ಕೊನೆಯಾದರೆ ಬರಹದಲ್ಲಿ ‘ಯ’ (ನಿನ್ನೆಯಾ, ಅಡಿಕೆಯಾ), ಮಾತಿನಲ್ಲಿ ‘ನ’ (ನಿನ್ನೆನಾ, ಅಡಿಕೆನಾ). ಪದದ ಕೊನೆಯನ್ನು ಎಳೆದು ‘ನಿನ್ನೇನಾ?’ ಅಂದರೆ ಅದರಲ್ಲಿ ‘ಏ’ ಕೂಡ ಸೇರಿಕೊಂಡಿದೆ. ‘ಇದಾ ನಿಮ್ಮ ತೋಟ?’ ಅನ್ನುವುದಕ್ಕೂ ‘ಇದೇನಾ ನಿಮ್ಮ ತೋಟ?’ ಅನ್ನುವುದಕ್ಕೂ ಇರುವ ವ್ಯತ್ಯಾಸ ಅದೇ: ಎರಡನೆಯದರಲ್ಲಿ ‘ಏ’ ಬೊಟ್ಟು ಮಾಡಿ ಇದನ್ನೇ ಅನ್ನುತ್ತದೆ, ‘ಆ’ ಕೇಳುತ್ತದೆ. ಪುಸ್ತಕದಲ್ಲಿ ‘ಬಂದನೇ?’ ಅಂತ ಸಿಗುವ ಪ್ರಶ್ನೆಯ ‘ಏ’ಯನ್ನು ಸದ್ಯಕ್ಕೆ ಅವರಿಗೆ ಹೇಳದಿರುವುದೇ ಒಳ್ಳೆಯದು, ‘ಅವನೇ ಬಂದ’ದ ಒತ್ತಿನ ‘ಏ’ ಜೊತೆ ಕಲಸಿಹೋಗುತ್ತದೆ.

ಯಾರು, ಏನು, ಎಲ್ಲಿ ಇರುವ ವಾಕ್ಯಕ್ಕೆ ‘ಆ’ ಬೇಡ ಅಂತಲೂ ಹೇಳಿಬಿಡಿ. ‘ಯಾರು ಬಂದ್ರು?’ ತಾನೇ ಪ್ರಶ್ನೆ.

ದನಿಯ ವಿಚಾರ ಕೊನೆಗೆ ಸಾಕು. ಇಟಾಲಿಯನ್‌ನಲ್ಲಿ ಹೇಳಿಕೆಯ ಪದಗಳನ್ನೇ ದನಿ ಬದಲಿಸಿ ಹೇಳಿದರೆ ಪ್ರಶ್ನೆಯಾಗುತ್ತದೆ. ನಾವೂ ‘ಊಟ ಆಯ್ತು?’ ಅಂತ ಕೊನೆ ಏರಿಸಿ ಕೇಳುವುದುಂಟು, ಆದರೆ ಹಾಗೆ ಕೇಳುವಾಗ ಆಗಿರಬೇಕು ಅಂತ ಮನಸ್ಸಿನಲ್ಲಿ ಮೊದಲೇ ಅಂದುಕೊಂಡಿರುತ್ತೇವೆ. ಗೊತ್ತಿಲ್ಲದೆ ಕೇಳುವಾಗ ‘ಆಯ್ತಾ?’ನೇ ಬೇಕು. ನಿಮ್ಮ ಸಹೋದ್ಯೋಗಿ ‘ನೀವು ನಾಳೆ ರಜಾ ಹಾಕ್ತೀರಿ?’ ಅಂತ ಬರೀ ದನಿ ಏರಿಸಿ ಕೇಳಿದರೆ, ನಿಮ್ಮ ರಜೆಯ ಸುದ್ದಿ ಅವರಿಗೆ ಆಗಲೇ ಯಾರೋ ಮುಟ್ಟಿಸಿದ್ದಾರೆ ಅಂತ ನಿಮಗೆ ಅನ್ನಿಸುವುದು ಅದಕ್ಕೇ.