ಜಗಲಿಯ ಮೇಲೆ ಬಿದ್ದ ಸಾಕ್ಷಿ ಸಹಿ

ಪ್ರಶ್ನೆ: ನಾನು ಶಿರಸಿ ತಾಲೂಕಿನ ಹಳ್ಳಿಯವನು. ಅಪ್ಪಯ್ಯ 82ನೇ ವಯಸ್ಸಿನಲ್ಲಿ ಉಯಿಲು ಮಾಡಿ, ಎರಡು ವರ್ಷದ ನಂತರ ತೀರಿಕೊಂಡರು. ಆಯಿ ಮೊದಲೇ ಹೋಗಿದ್ದಾರೆ. ಅಜ್ಜ ಬದುಕಿದ್ದಾಗಲೇ 1974ರಲ್ಲಿ ಆದ ಹಿಸ್ಸೆಯಲ್ಲಿ ಬಂದ ಎರಡು ಎಕರೆ ತೋಟ ಮತ್ತು ಅಪ್ಪಯ್ಯ ಮಾಸ್ತರಿಕೆಯ ಸಂಬಳದಲ್ಲಿ ಜಾಗ ಕೊಂಡು ಕಟ್ಟಿದ ಮನೆ, ಎರಡೂ ನನ್ನ ಹೆಸರಿಗಿವೆ. ಬೆಂಗಳೂರಿನ ಅಣ್ಣನಿಗೂ ಕುಮಟಾಕ್ಕೆ ಕೊಟ್ಟ ಅಕ್ಕನಿಗೂ ಏನೂ ಇಲ್ಲ. ಸಂಜೆ ಅಪ್ಪಯ್ಯ ಸಹಿ ಮಾಡಿದಾಗ ನನ್ನ ಹೆಂಡತಿಯ ಅಣ್ಣ ಸಾಕ್ಷಿ ಹಾಕಿದರು. ನೆರೆಮನೆಯವರು ಊರಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕುಳಿತು ಸಹಿ ಹಾಕಿದರು. ಮೂರನೇ ದಿನ ನೋಂದಣಿಯಾಯಿತು. ಈಗ ಅಣ್ಣ ಕೋರ್ಟಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ. ನೋಂದಣಿಯಾದ ಉಯಿಲನ್ನೂ ಪ್ರಶ್ನಿಸಬಹುದೇ?

ಉತ್ತರ: ಪ್ರಶ್ನಿಸಬಹುದು. ಉಯಿಲಿಗೆ, ನಮ್ಮ ಕಡೆಯ ಹಿರಿಯರು ಮೃತ್ಯುಪತ್ರ ಎನ್ನುವುದಕ್ಕೆ, ನೋಂದಣಿಯೂ ಬೇಕಿಲ್ಲ, ಛಾಪಾ ಕಾಗದವೂ ಬೇಕಿಲ್ಲ. ಬಿಳಿ ಹಾಳೆಯಲ್ಲಿ ಕೈಯಲ್ಲಿ ಬರೆದರೂ ನಡೆಯುತ್ತದೆ. ನಿಮ್ಮ ತಂದೆಯವರು ಉಪನೋಂದಣಾಧಿಕಾರಿಯ ಎದುರು ಬಂದು ‘ಇದು ನಾನು ಮಾಡಿದ್ದು’ ಎಂದು ಒಪ್ಪಿದ್ದರು ಎಂಬುದಕ್ಕೆ ನೋಂದಣಿ ಒಳ್ಳೆಯ ಆಧಾರ, ಅಷ್ಟೇ. ಉಯಿಲಿನಲ್ಲಿ ಮೂಲದಲ್ಲೇ ಕೊರತೆ ಇದ್ದರೆ ಮೊಹರು ಅದನ್ನು ತುಂಬಿಕೊಡುವುದಿಲ್ಲ.

ಮೂಲ ಎಂದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ. ಉಯಿಲು ಮಾಡುವವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಪ್ರತಿಯೊಬ್ಬ ಸಾಕ್ಷಿಯೂ ಆ ಸಹಿ ಬೀಳುವುದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರ ಸಮ್ಮುಖದಲ್ಲೇ ತನ್ನ ಸಹಿ ಹಾಕಬೇಕು. ಇಬ್ಬರೂ ಸಾಕ್ಷಿಗಳು ಒಂದೇ ಹೊತ್ತಿಗೆ ಅಲ್ಲಿರಬೇಕೆಂದು ಕಾನೂನು ಕೇಳುವುದಿಲ್ಲ. ಆದ್ದರಿಂದ ನೆರೆಯವರು ಮರುದಿನ ಸಹಿ ಹಾಕಿದ್ದರಲ್ಲಿ ತಪ್ಪಿಲ್ಲ. ಆಗ ಅಪ್ಪಯ್ಯ ಎಲ್ಲಿದ್ದರು ಎಂಬುದೇ ಪ್ರಶ್ನೆ, ಮತ್ತು ನಿಮ್ಮ ಪತ್ರದಲ್ಲಿ ಅದೊಂದೇ ಮಾತಿಲ್ಲ.

ಅವರು ಅದೇ ಜಗಲಿಯಲ್ಲಿ ಕವಳ ಹಾಕುತ್ತ ಕುಳಿತಿದ್ದು, ‘ನಿನ್ನೆ ಸಹಿ ಮಾಡಿದ್ದೇನೆ, ನೀವೂ ಒಂದು ಸಾಕ್ಷಿ ಹಾಕಿ’ ಎಂದಿದ್ದರೆ ಉಯಿಲು ಸರಿಯಾಗಿಯೇ ಇದೆ. ಅವರು ಒಳಗೆ ಮಲಗಿದ್ದು, ಕಾಗದವನ್ನು ನೀವು ಹೊರಗೆ ತಂದು ಸಹಿ ಹಾಕಿಸಿದ್ದರೆ ನೆರೆಯವರ ಸಹಿ ಲೆಕ್ಕಕ್ಕೆ ಬರುವುದಿಲ್ಲ. ಉಳಿಯುವುದು ಒಬ್ಬನೇ ಸಾಕ್ಷಿ, ಒಬ್ಬ ಸಾಕ್ಷಿಯ ಉಯಿಲು ಉಯಿಲಲ್ಲ. ನೋಂದಣಿ ಕಚೇರಿಯಲ್ಲಿ ಗುರುತು ಹೇಳಿ ಸಹಿ ಮಾಡಿದವರು ಆ ಜಾಗ ತುಂಬುತ್ತಾರೆಯೇ ಎಂದು ಕಕ್ಷಿದಾರರು ಕೇಳುವುದುಂಟು. ಗುರುತಿಸುವುದಕ್ಕೆಂದು ಹಾಕಿದ ಸಹಿ ತಾನಾಗಿಯೇ ಉಯಿಲಿನ ಸಾಕ್ಷಿಯಾಗುವುದಿಲ್ಲ. ಅಪ್ಪಯ್ಯನ ಒಪ್ಪಿಗೆ ಕೇಳಿ, ಸಾಕ್ಷಿಯಾಗುವ ಉದ್ದೇಶದಿಂದಲೇ, ಅವರೆದುರೇ ಹಾಕಿದ್ದು ಎಂದು ಆ ವ್ಯಕ್ತಿ ಕಟಕಟೆಯಲ್ಲಿ ಹೇಳಬೇಕಾಗುತ್ತದೆ.

ಕಟಕಟೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 2023ರ ಹೊಸ ಅಧಿನಿಯಮ ಬಂದಿದ್ದರೂ ನಿಯಮ ಹಳೆಯದೇ: ಸಾಕ್ಷಿಗಳು ಬದುಕಿದ್ದರೆ ಕನಿಷ್ಠ ಒಬ್ಬರನ್ನಾದರೂ ಕರೆಸಿ ಉಯಿಲನ್ನು ರುಜುವಾತು ಮಾಡಬೇಕು. ಒಬ್ಬರನ್ನೇ ಕರೆಸಿದರೆ ಅವರು ತಮ್ಮ ಸಹಿಯ ಜೊತೆಗೆ ಇನ್ನೊಬ್ಬರ ಸಹಿ ಹೇಗೆ ಬಿತ್ತೆಂಬುದನ್ನೂ ಹೇಳಬಲ್ಲವರಾಗಿರಬೇಕು. ನಿಮ್ಮ ಭಾವ ಮರುದಿನ ಅಲ್ಲಿದ್ದರೆಂದು ನೀವು ಬರೆದಿಲ್ಲ. ಇರದಿದ್ದರೆ ಅವರಿಂದ ಅರ್ಧ ಕತೆ ಮಾತ್ರ ಹೊರಡುತ್ತದೆ. ಹಾಗಾಗಿ ನೆರೆಯವರನ್ನು ಕರೆಸಲೇಬೇಕು. ಈಗಲೇ ಹೋಗಿ ಅವರಿಗೆ ಏನು ನೆನಪಿದೆ ಎಂದು ಕೇಳಿ. ಕೇಳಿ ಎಂದೆ, ಹೇಳಿಕೊಡಿ ಎನ್ನಲಿಲ್ಲ. ಕಲಿಸಿದ ಮಾತು ಪಾಟೀಸವಾಲಿನ ಮೂರನೇ ಪ್ರಶ್ನೆಗೇ ಕಳಚಿಕೊಳ್ಳುತ್ತದೆ.

ಭಾವ ಸಾಕ್ಷಿ ಹಾಕಿದ್ದರಿಂದಲೇ ಉಯಿಲು ಬೀಳುವುದಿಲ್ಲ. ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ, ಹೆಂಡತಿಗೆ ಬರೆದುಕೊಟ್ಟಿದ್ದು ರದ್ದು ಎಂಬ ನಿಯಮ ಹಿಂದೂಗಳಿಗೆ ಅನ್ವಯಿಸುವುದಿಲ್ಲ. ಕಾರವಾರ, ಹೊನ್ನಾವರದ ಕ್ರೈಸ್ತ ಓದುಗರು ಮಾತ್ರ ಇದನ್ನು ನೆನಪಿಡಬೇಕು, ಅವರಿಗೆ ಅದು ಅನ್ವಯಿಸುತ್ತದೆ. ಆದರೂ ಪಾಲು ಪಡೆದವನ ಭಾವ ಎಂದ ಕೂಡಲೇ ನ್ಯಾಯಾಧೀಶರ ಹುಬ್ಬು ಏರುತ್ತದೆ.

ಹುಬ್ಬೇರಿಸುವ ಈ ಸಂಗತಿಗಳಿಗೆ ‘ಸಂಶಯಾಸ್ಪದ ಸನ್ನಿವೇಶ’ ಎನ್ನುತ್ತಾರೆ. ಹಳೆಯ ಮೈಸೂರಿನಿಂದ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿದ ದಾರಿಯನ್ನೇ ಕೋರ್ಟುಗಳು ಇಂದಿಗೂ ಹಿಡಿಯುತ್ತವೆ: ನಡುಗಿದ ಸಹಿ, ಮಂಕಾದ ಬುದ್ಧಿ, ಕಾರಣವಿಲ್ಲದೆ ಹತ್ತಿರದವರನ್ನು ಬಿಟ್ಟದ್ದು, ಲಾಭ ಪಡೆದವನೇ ಮುಂದೆ ನಿಂತು ಬರೆಸಿದ್ದು ಮುಂತಾದವು ಇದ್ದರೆ ಸಂಶಯ ತೊಡೆಯುವ ಭಾರ ಉಯಿಲು ಹಿಡಿದುಕೊಂಡು ಬಂದವನ ಮೇಲೆ. ಅಂದರೆ ನಿಮ್ಮ ಮೇಲೆ. ನಿಮ್ಮ ಉಯಿಲು ಇಬ್ಬರು ಮಕ್ಕಳನ್ನು ಪೂರ್ತಿ ಬಿಟ್ಟಿದೆ. ಬರಹಗಾರರ ಬಳಿಗೆ ಓಡಾಡಿದ್ದು, ಫೀಸು ಕೊಟ್ಟದ್ದು ನೀವೇ ಆಗಿದ್ದರೆ ಅದನ್ನು ಮುಚ್ಚಿಡಬೇಡಿ. 82 ವರ್ಷದವರನ್ನು ಜೊತೆಯಲ್ಲಿದ್ದ ಮಗನಲ್ಲದೆ ಇನ್ನಾರು ಪೇಟೆಗೆ ಕರೆದೊಯ್ಯಬೇಕು? ಆದರೆ ಏನು ಬರೆಯಬೇಕೆಂದು ಹೇಳಿದವರು ಅಪ್ಪಯ್ಯ ಎಂದು ಬರಹಗಾರರು ಹೇಳುವಂತಿರಬೇಕು.

ಬುದ್ಧಿ ಸ್ವಸ್ಥವಾಗಿತ್ತು ಎನ್ನಲು ಎಲ್ಲರೂ ವೈದ್ಯರ ಚೀಟಿ ಹುಡುಕುತ್ತಾರೆ. ಉಯಿಲಿನ ದಿನವೇ ತೆಗೆದುಕೊಂಡ ಚೀಟಿ ಕೆಲವೊಮ್ಮೆ ‘ಯಾಕೆ ಬೇಕಾಯಿತು?’ ಎಂಬ ಪ್ರಶ್ನೆಯನ್ನೇ ಎಬ್ಬಿಸುತ್ತದೆ. ನನಗೆ ಅದಕ್ಕಿಂತ ಅಡಿಕೆ ಸೊಸೈಟಿಯ ಚೀಟಿಗಳ ಮೇಲೆ ನಂಬಿಕೆ ಹೆಚ್ಚು. ಅದೇ ತಿಂಗಳಲ್ಲಿ ಅವರು ಸ್ವತಃ ವ್ಯಾಪಾರದ ಹಣ ಪಡೆದು ಹಾಕಿದ ಸಹಿ, ಬ್ಯಾಂಕಿನಲ್ಲಿ ಪಿಂಚಣಿ ತೆಗೆದ ಸ್ಲಿಪ್ಪು, ಕೈಬರಹದ ಲೆಕ್ಕದ ಪುಸ್ತಕ ಇವನ್ನು ಹುಡುಕಿ. ಅಲ್ಲಿಯೂ ಸಹಿ ಅಷ್ಟೇ ನಡುಗಿದ್ದರೆ ಉಯಿಲಿನ ನಡುಕ ವಯಸ್ಸಿನದು, ಬಲವಂತದ್ದಲ್ಲ ಎನ್ನಬಹುದು.

ಇಷ್ಟೆಲ್ಲ ಗೆದ್ದರೂ ಇಡೀ ತೋಟ ನಿಮ್ಮದಾಗುವುದಿಲ್ಲ. ಮನೆ ಅಪ್ಪಯ್ಯನ ಸ್ವಂತ ಗಳಿಕೆ, ಅದನ್ನು ಯಾರಿಗೆ ಬೇಕಾದರೂ ಬರೆಯಬಹುದಿತ್ತು. ಅಜ್ಜನ ಕಾಲದಲ್ಲೇ ಹಿಸ್ಸೆಯಾಗಿ ಬಂದ ತೋಟದಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಕ್ಕನಿಗೂ ಅಷ್ಟೇ ಹಕ್ಕು. ನಿಮ್ಮೊಳಗೆ ಮೊದಲೇ ಪಾಲಾಗಿರದಿದ್ದರೆ ಅಪ್ಪಯ್ಯ, ಅಣ್ಣ, ಅಕ್ಕ, ನೀವು ಎಂದು ನಾಲ್ಕು ಪಾಲು. ಅಪ್ಪಯ್ಯ ಬರೆಯಬಹುದಾಗಿದ್ದು ತಮ್ಮ ಕಾಲು ಭಾಗವನ್ನು ಮಾತ್ರ. (ಬೆಟ್ಟವನ್ನೂ ಉಯಿಲಿನಲ್ಲಿ ಸೇರಿಸಿದ್ದರೆ ಅದರ ಚಿಂತೆ ಬಿಡಿ. ಸೊಪ್ಪಿನ ಬೆಟ್ಟ ಸರಕಾರದ ನೆಲ, ತೋಟಕ್ಕೆ ಅಂಟಿಕೊಂಡ ಸವಲತ್ತು.) ಪಹಣಿಯಲ್ಲಿ ನಿಮ್ಮ ಹೆಸರು ಈಗಾಗಲೇ ಏರಿದ್ದರೂ ಲೆಕ್ಕ ಬದಲಾಗುವುದಿಲ್ಲ, ಪಹಣಿ ಹಕ್ಕನ್ನು ಹುಟ್ಟಿಸುವುದಿಲ್ಲ.

ಎರಡು ಎಕರೆ ಎಂದರೆ 80 ಗುಂಟೆ. ಉಯಿಲು ನಿಂತರೆ ನಿಮ್ಮ ಕಾಲು, ಅಪ್ಪಯ್ಯನ ಕಾಲು ಸೇರಿ ನಿಮಗೆ 40 ಗುಂಟೆ. ಉಯಿಲು ಬಿದ್ದರೆ ಅಪ್ಪಯ್ಯನ ಕಾಲು ಭಾಗ ಮೂವರಿಗೂ ಹಂಚಿಹೋಗಿ ನಿಮಗೆ ಸುಮಾರು 27 ಗುಂಟೆ ಉಳಿಯುತ್ತದೆ, ಮನೆಯಲ್ಲೂ ಮೂರನೇ ಒಂದು ಪಾಲು. ನೀವು ಮತ್ತು ನಿಮ್ಮ ಅಣ್ಣ ವಕೀಲರನ್ನು ಹಿಡಿದು ಜಗಳವಾಡಲು ಹೊರಟಿರುವುದು ಈ 13 ಗುಂಟೆಗೆ ಮತ್ತು ಮನೆಗೆ. ಕುಮಟಾದ ಅಕ್ಕನ ಕಾಲು ಭಾಗ ಇಬ್ಬರ ವಾದದಿಂದಲೂ ಹೊರಗಿದೆ, ಅದನ್ನು ಮೊದಲು ಅವರಿಗೆ ತಿಳಿಸಿ.