ಮೊದಲು ಅಲ್ಪವಿರಾಮ ನೋಡಿ, ಆಮೇಲೆ ಸೊನ್ನೆ

"ಅಣ್ಣಾ, ಡಲ್ಲಾಸ್‌ಗೆ ಬಂದು ಎರಡು ತಿಂಗಳಾಯಿತು. ಮೀಟಿಂಗಿನಲ್ಲಿ ಮಿಲಿಯನ್, ಬಿಲಿಯನ್ ಅಂದಾಗ ನಾನು ಲಕ್ಷ, ಕೋಟಿ ಲೆಕ್ಕ ಹಾಕೋದರೊಳಗೆ ಮಾತು ಮುಗಿದಿರುತ್ತದೆ. ಮನೆ ಕೊಳ್ಳೋಕೆ ಊರಿಂದ ಅಪ್ಪ ದುಡ್ಡು ಕಳಿಸೋರಿದ್ದಾರೆ. ಕಾಗದಪತ್ರದಲ್ಲಿ ಮೊತ್ತ ಹೇಗೆ ಬರೆಯಬೇಕು?"

ನನಗೂ ಮೊದಲ ವರ್ಷ ಹೀಗೇ ಆಗುತ್ತಿತ್ತು. ತೊಡಕು ಇರೋದು ಸಾವಿರ ದಾಟಿದ ಮೇಲೆ. ನಾವು ಬಲಗಡೆಯಿಂದ ಮೂರು ಅಂಕಿ ಬಿಟ್ಟು ಒಂದು ಅಲ್ಪವಿರಾಮ ಹಾಕುತ್ತೇವೆ, ಆಮೇಲೆ ಎರಡೆರಡು ಅಂಕಿಗೆ ಒಂದೊಂದು. ಇಲ್ಲಿಯವರು ಕೊನೆಯವರೆಗೂ ಮೂರು ಮೂರಕ್ಕೇ ಹಾಕುತ್ತಾರೆ. ನಮಗೆ ನೂರು ಸಾವಿರ ಆದ ಕೂಡಲೇ ಲಕ್ಷ ಎಂಬ ಹೊಸ ಹೆಸರು ಸಿಗುತ್ತದೆ. ಅವರು ಸಾವಿರ ಸಾವಿರ ಆಗುವವರೆಗೆ ಕಾದು ಮಿಲಿಯನ್ ಅನ್ನುತ್ತಾರೆ.

ಹಾಗಾಗಿ ಎರಡು ಮಾತು ಬಾಯಿಪಾಠ ಮಾಡಿಕೊಳ್ಳಿ. ಹತ್ತು ಲಕ್ಷ ಒಂದು ಮಿಲಿಯನ್. ನೂರು ಕೋಟಿ ಒಂದು ಬಿಲಿಯನ್. ಇನ್ನೆಲ್ಲ ಇದರಿಂದಲೇ ಬರುತ್ತದೆ. ಒಂದು ಕೋಟಿ ಅಂದರೆ ಹತ್ತು ಮಿಲಿಯನ್, ಲಕ್ಷ ಕೋಟಿ ಅಂದರೆ ಒಂದು ಟ್ರಿಲಿಯನ್. ಮಾತಿನ ನಡುವೆ ಯಾರಾದರೂ 35 ಮಿಲಿಯನ್ ಅಂದರೆ ಹತ್ತರಿಂದ ಭಾಗಿಸಿ, ಮೂರೂವರೆ ಕೋಟಿ. 7 ಬಿಲಿಯನ್ ಅಂದರೆ ಎರಡು ಸೊನ್ನೆ ಸೇರಿಸಿ, 700 ಕೋಟಿ. ಸಂಬಳದ ಮಾತಿನಲ್ಲಿ ಬರುವ K ಸುಮ್ನೆ ಸಾವಿರ ಅಷ್ಟೇ. 150K ಅಂದರೆ ಒಂದೂವರೆ ಲಕ್ಷ.

ನಮಗೆ ಪರಿಚಯವಿರುವ ಲೆಕ್ಕದಲ್ಲಿ ಒಮ್ಮೆ ನೋಡೋಣ. ಕರ್ನಾಟಕದ 2025-26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಇದನ್ನು ಇಲ್ಲಿಯವರಿಗೆ ಹೇಳಬೇಕಾದರೆ ನೂರರಿಂದ ಭಾಗಿಸಬೇಕು, 4,095 ಬಿಲಿಯನ್ ಆಗುತ್ತದೆ. ಅಂದರೆ 4.1 ಟ್ರಿಲಿಯನ್ ಹತ್ತಿರ. ನಾವಾದರೋ ಅದನ್ನು 4.1 ಲಕ್ಷ ಕೋಟಿ ಅನ್ನುತ್ತೇವೆ. ಅಂಕಿ ಒಂದೇ, ಹೆಸರು ಮಾತ್ರ ಬೇರೆ. ಲಕ್ಷ ಕೋಟಿಗೂ ಟ್ರಿಲಿಯನ್‌ಗೂ ಸೊನ್ನೆ ಸರಿಯಾಗಿ ಕೂಡುವುದರಿಂದ ದೊಡ್ಡ ಮೊತ್ತ ಬಂದಾಗ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಸೊನ್ನೆ ಕಳೆದುಹೋಗುವ ಇನ್ನೊಂದು ಜಾಗ ಇದೆ. ಮಿಲಿಯನೇರ್ ಅನ್ನೋದನ್ನು ಎಷ್ಟೋ ಜನ ಕೋಟ್ಯಧಿಪತಿ ಅಂತ ಅನುವಾದಿಸುತ್ತಾರೆ. ಡಾಲರ್ ಡಾಲರಾಗಿಯೇ ಇದ್ದರೆ ಅದು ಹತ್ತು ಪಟ್ಟು ಜಾಸ್ತಿ ಹೇಳಿದ ಹಾಗೆ, ಅಲ್ವಾ? ಮಿಲಿಯನ್ ನಮ್ಮ ದಶಲಕ್ಷ. ಬಿಲಿಯನ್‌ಗೆ ಪತ್ರಿಕೆಗಳು ಬರೆಯುವ ಶತಕೋಟಿ ಮಾತ್ರ ಸರಿಯಾದ ಪದ.

ಈಗ ಕಾಗದಪತ್ರಕ್ಕೆ ಬರುತ್ತೇನೆ. ನಾನು ಮನೆ ಕೊಳ್ಳುವಾಗ ಅಪ್ಪ ಜಮೀನು ಮಾರಿ ದುಡ್ಡು ಕಳಿಸಿದ್ದರು. ಕ್ರಯಪತ್ರದಲ್ಲಿ ೪೫,೦೦,೦೦೦ ಎಂದಿತ್ತು, ಕೆಳಗೆ ಅಕ್ಷರದಲ್ಲಿ ನಲವತ್ತೈದು ಲಕ್ಷ ರೂಪಾಯಿ ಮಾತ್ರ. ನಾನು ಅಂಕಿಗಳನ್ನು ಇಂಗ್ಲಿಷಿಗೆ ಬದಲಿಸಿ 45,00,000 ಎಂದು ಬರೆದುಕೊಟ್ಟೆ. ಸಾಲದ ಕಚೇರಿಯವರಿಗೆ ಅಲ್ಪವಿರಾಮದ ನಡುವೆ ಬರೀ ಎರಡು ಸೊನ್ನೆ ಕಂಡಿದೆ. ತಪ್ಪಾಗಿ ಟೈಪಾಗಿದೆ ಎಂದುಕೊಂಡು ಅವರು 450,000 ಎಂದು ನಮೂದಿಸಿದರು. ನಾಲ್ಕೂವರೆ ಲಕ್ಷಕ್ಕೆ ಜಮೀನು ಮಾರಿದವರು ನಲವತ್ತೈದು ಲಕ್ಷ ಎಲ್ಲಿಂದ ಕಳಿಸಿದರು ಎಂಬ ಪ್ರಶ್ನೆ ಬಂತು. ಎಲ್ಲ ಕಾಗದ ಮತ್ತೆ ಕೊಟ್ಟು ಅದನ್ನು ಸರಿಪಡಿಸುವುದರಲ್ಲಿ ಒಂಬತ್ತು ದಿನ ಹೋಯಿತು. ಆ ಒಂಬತ್ತು ದಿನವೂ ಅಪ್ಪ ರಾತ್ರಿ ಫೋನ್ ಮಾಡಿ, ನಾನು ಕೊಟ್ಟ ಕಾಗದದಲ್ಲಿ ಏನು ತಪ್ಪಿತ್ತಪ್ಪಾ ಎಂದು ಕೇಳುತ್ತಿದ್ದರು. ತಪ್ಪು ಅವರದಾಗಿರಲಿಲ್ಲ. ನಾನು ಅಂಕಿ ಬದಲಿಸಿದ್ದೆ, ಗುಂಪು ಬದಲಿಸಿರಲಿಲ್ಲ.

ನೀವು ಹೀಗೆ ಮಾಡಿ. ಮೊದಲು ಎಲ್ಲ ಅಲ್ಪವಿರಾಮ ತೆಗೆದು 4500000 ಎಂದು ಬರೆದುಕೊಳ್ಳಿ, ಏಳು ಅಂಕಿ ಇದೆಯೇ ಎಣಿಸಿ. ಲಕ್ಷಕ್ಕೆ ಆರು ಅಂಕಿ, ಹತ್ತು ಲಕ್ಷಕ್ಕೆ ಏಳು, ಕೋಟಿಗೆ ಎಂಟು. ಆಮೇಲೆ ಬಲದಿಂದ ಮೂರು ಮೂರಕ್ಕೆ ಒಡೆದರೆ 4,500,000. ಅಕ್ಷರದಲ್ಲಿ ಬರೆಯುವಾಗ ಲಕ್ಷ ಅನ್ನೋ ಪದ ಬಿಟ್ಟುಬಿಡಿ. ಫೋರ್ ಮಿಲಿಯನ್ ಫೈವ್ ಹಂಡ್ರೆಡ್ ಥೌಸಂಡ್ ಇಂಡಿಯನ್ ರುಪೀಸ್ ಎಂದು ಪೂರ್ತಿ ಬರೆಸಿ. ಪಕ್ಕದಲ್ಲಿ ಆ ದಿನದ ದರದಲ್ಲಿ ಎಷ್ಟು ಡಾಲರ್ ಆಗುತ್ತದೆ ಅನ್ನೋದೂ ಇರಲಿ. ಆಗ ಒಂದು ಸೊನ್ನೆ ಹೆಚ್ಚುಕಡಿಮೆ ಆದರೂ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಅನುವಾದ ಯಾರಿಂದ ಮಾಡಿಸಿದರೂ ಕನ್ನಡ ಅಂಕಿಗಳನ್ನು ನೀವೇ ಒಮ್ಮೆ ಹೋಲಿಸಿ ನೋಡಿ. ಹಳೆಯ ಕೈಬರಹದ ಪತ್ರಗಳಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ. ಅಂಥ ಕಡೆ ಅಂಕಿಯನ್ನು ನಂಬಬೇಡಿ, ಕೆಳಗೆ ಅಕ್ಷರದಲ್ಲಿ ಬರೆದಿರುವುದನ್ನು ಓದಿ.